ಹೊಸ ಲ್ಯಾಪ್‌ಟಾಪ್‌ನಾಗಿನ ಟ್ರಯಲ್ ಸಾಫ್ಟ್‌ವೇರ್ ತೆಗೆಯೋದು ಹೆಂಗ? ಡ್ರೈವರ್ ಕೆಡಬಾರ್ದು, ವಾರಂಟಿನೂ ಹೋಗಬಾರ್ದು

ಪ್ರಶ್ನೆ: ಸರ್ ನಮಸ್ಕಾರ. ನಾನು ಗಂಗಾವತಿ ಹತ್ರ ಒಂದ್ ರೈಸ್ ಮಿಲ್ಲಿನಾಗ ಲೆಕ್ಕಪತ್ರ ನೋಡ್ಕೋತೀನಿ. ಟ್ಯಾಲಿಗೆ ಅಂತ ಬಳ್ಳಾರಿಯಾಗ ಹೊಸ ಎಚ್‌ಪಿ ಲ್ಯಾಪ್‌ಟಾಪ್ ತಗೊಂಡೀನಿ, 8 ಜಿಬಿ ರ್‍ಯಾಮ್, ವಿಂಡೋಸ್ 11. ಮೆಕಾಫೀ ಟ್ರಯಲ್ ಮುಗೀತು ರೊಕ್ಕ ಕಟ್ರಿ ಅಂತ ದಿನಾ ಸ್ಕ್ರೀನಿನ ಮೂಲ್ಯಾಗ ಬರ್ತೈತಿ, ಇನ್ನೂ ಏನೇನೋ ಆ್ಯಪ್ ತುಂಬ್ಯಾವ. ಅಂಗಡಿಯವ್ರು ಫಾರ್ಮ್ಯಾಟ್ ಹೊಡ್ದು ಫ್ರೆಶ್ ವಿಂಡೋಸ್ ಹಾಕ್ಕೊಡ್ತೀವಿ ಅಂದ್ರು. ನಮ್ಮ ಮಾವನ ಮಗ ನೋಡಿದ್ರ, ಅದನ್ನೇನರ ಮುಟ್ಟಿದ್ರ ಡ್ರೈವರ್ ಹೋಗ್ತಾವ, ವಾರಂಟಿನೂ ಹೋಗ್ತೈತಿ ಅಂತಾನ. ಏನ್ ಮಾಡ್ಲಿ?

ಉತ್ತರ: ಫಾರ್ಮ್ಯಾಟ್ ಮಾತ್ರ ಮಾಡಿಸ್ಬ್ಯಾಡ್ರಿ. ಮೆಕಾಫೀನ ಅದರದೇ ಅನ್‌ಇನ್‌ಸ್ಟಾಲ್ ದಾರಿಯಿಂದ ತೆಗೆದ್ರ ಒಂದ್ ಡ್ರೈವರೂ ಹೋಗಂಗಿಲ್ಲ, ವಾರಂಟಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರ ನಿಮ್ಮ ಮಾವನ ಮಗ ಹೆದರ್ಕೊಂಡಿದ್ದು ಪೂರ್ತಿ ಸುಳ್ಳೂ ಅಲ್ಲ, ಯಾಕಂದ್ರ ಅದೇ ಪಟ್ಟಿಯೊಳಗ ತೆಗೀಬಾರದ ಕೆಲವು ಹೆಸರೂ ಕುಂತಿರ್ತಾವ, ಅವನ್ನ ಗುರ್ತು ಹಿಡಿಯೋದೇ ಇದ್ರಾಗಿನ ಖರೇ ಕೆಲ್ಸ.

ಮೊದ್ಲು ವಾರಂಟಿ ಮಾತು ಮುಗಿಸಿಬಿಡೋಣ. ಲ್ಯಾಪ್‌ಟಾಪಿನ ವಾರಂಟಿ ಇರೋದು ಹಾರ್ಡ್‌ವೇರಿಗೆ, ಅಂದ್ರ ಬೋರ್ಡು, ಸ್ಕ್ರೀನು, ಕೀಬೋರ್ಡು, ಬ್ಯಾಟರಿ, ಎಸ್‌ಎಸ್‌ಡಿ ಇವು ತಯಾರಿಕೆ ದೋಷದಿಂದ ಕೆಟ್ರ ಸರಿ ಮಾಡಿಕೊಡೋದಕ್ಕ. ಟ್ರಯಲ್ ಸಾಫ್ಟ್‌ವೇರ್ ಅದ್ರಾಗ ಬಂದಿದ್ದು ಎರಡು ಕಂಪನಿಗಳ ನಡುವಿನ ವ್ಯಾಪಾರದ ಒಪ್ಪಂದದಿಂದ, ಅದನ್ನ ಇಟ್ಕೊಳ್ಳೋದು ಬಿಡೋದು ನಿಮಗ ಬಿಟ್ಟಿದ್ದು. ವಾರಂಟಿಗೆ ತೊಂದ್ರೆ ಆಗೋದು ಒಳಗ ನೀರು ಚಹಾ ಬಿದ್ರ, ಬಿದ್ದು ಒಡೆದ್ರ, ಯಾರೋ ಸ್ಕ್ರೂ ಬಿಚ್ಚಿ ಒಳಗ ಏನರ ಮುರಿದಿದ್ರ, ಇಲ್ಲಾ ಕರೆಂಟು ಹೆಚ್ಚು ಕಮ್ಮಿ ಆಗಿ ಬೋರ್ಡು ಸುಟ್ರ. ಎಚ್‌ಪಿಯಾಗ ಆನ್ ಮಾಡಿದ ಕೂಡ್ಲೆ ಎಫ್2 ಒತ್ತಿದ್ರ ವಿಂಡೋಸ್ ಶುರು ಆಗೋಕಿಂತ ಮೊದ್ಲೇ ಹಾರ್ಡ್‌ವೇರ್ ಟೆಸ್ಟ್ ಬರ್ತೈತಿ, ಹಾರ್ಡ್‌ವೇರ್ ಕೆಟ್ಟೈತೋ ಇಲ್ಲೋ ಅಂತ ಅದ್ರಾಗೇ ನೋಡಬಹುದು, ವಿಂಡೋಸಿನಾಗ ಮೆಕಾಫೀ ಐತೋ ಇಲ್ಲೋ ಅನ್ನೋದು ಆ ಟೆಸ್ಟಿಗೆ ಲೆಕ್ಕಕ್ಕೇ ಇಲ್ಲ. ಒಂದ್ ಮಾತ್ರ ನೆನಪಿಡ್ರಿ, ಸಮಸ್ಯೆ ಸಾಫ್ಟ್‌ವೇರಿಂದೋ ಹಾರ್ಡ್‌ವೇರಿಂದೋ ಗೊತ್ತಾಗ್ದಿದ್ರ ಸರ್ವಿಸ್ ಸೆಂಟರಿನವ್ರು ಫ್ಯಾಕ್ಟರಿ ಸ್ಥಿತಿಗೆ ರೀಸೆಟ್ ಮಾಡಿ ನೋಡ್ತಾರ, ಆಗ ಒಳಗಿದ್ದ ಡೇಟಾ ಹೋಗ್ತೈತಿ. ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವಿನಾಗ ಬ್ಯಾರೆ ಇರ್ಲಿ.

ಇನ್ನ ಅಂಗಡಿಯವ್ರ ಫಾರ್ಮ್ಯಾಟ್ ಯಾಕ ಬ್ಯಾಡ ಅಂತೀನಿ ಕೇಳ್ರಿ. ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್ ಹೋಮ್ ಲೈಸೆನ್ಸ್ ಬೋರ್ಡಿನ ಮ್ಯಾಲಿರೋ ಬಯಾಸ್ ಅನ್ನೋ ಚಿಪ್ಪಿನೊಳಗೇ ಬರ್ದಿರ್ತೈತಿ, ಅದು ಎಲ್ಲೂ ಹೋಗಂಗಿಲ್ಲ ಖರೆ, ಆದ್ರ ಎಷ್ಟೋ ಕಡೆ ಫ್ರೆಶ್ ವಿಂಡೋಸ್ ಅಂದ್ರ ಕ್ರ್ಯಾಕ್ ಮಾಡಿದ ಪ್ರೊ ಹಾಕಿಬಿಡ್ತಾರ, ರೊಕ್ಕ ಕೊಟ್ಟು ತಗೊಂಡ ಅಸಲಿ ಲೈಸೆನ್ಸ್ ಬಿಟ್ಟು ಕಳ್ಳ ಮಾಲು ಇಟ್ಕೊಂಡಂಗಾಗ್ತೈತಿ. ಮತ್ತ ಹೊಸ ಇಂಟೆಲ್ ಲ್ಯಾಪ್‌ಟಾಪ್ ಭಾಳಷ್ಟರಾಗ ಎಸ್‌ಎಸ್‌ಡಿ ವಿಎಂಡಿ ಅನ್ನೋ ಕಂಟ್ರೋಲರ್ ಹಿಂದ ಇರ್ತೈತಿ, ಸಾದಾ ವಿಂಡೋಸ್ ಪೆನ್‌ಡ್ರೈವ್ ಹಾಕಿದ್ರ ಒಮ್ಮೊಮ್ಮೆ ಡಿಸ್ಕೇ ಕಾಣಂಗಿಲ್ಲ, ಅದಕ್ಕ ಇಂಟೆಲ್ ಡ್ರೈವರ್ ಬ್ಯಾರೆ ಕೊಡಬೇಕು, ಅದು ಗೊತ್ತಿಲ್ದವ್ರು ಬಯಾಸಿನಾಗ ಹೋಗಿ ವಿಎಂಡಿ ಆಫ್ ಮಾಡ್ತಾರ, ಆಗ ಒಳಗಿದ್ದ ವಿಂಡೋಸ್ ಬೂಟ್ ಆಗ್ದೆ ನೀಲಿ ಸ್ಕ್ರೀನ್ ಬರ್ತೈತಿ. ಅಂತೂ ಇಂತೂ ಹೊಸ ವಿಂಡೋಸ್ ಕುಂತ ಮ್ಯಾಲೆ ವೈಫೈ ಇಲ್ಲ, ಟಚ್‌ಪ್ಯಾಡ್ ಸರಿ ಇಲ್ಲ, ಸೌಂಡ್ ಸಣ್ಣ ಬರ್ತೈತಿ ಅಂತ ಒಂದೊಂದೇ ಶುರು ಆಗ್ತೈತಿ. ನಿಮ್ಮ ಮಾವನ ಮಗ ಡ್ರೈವರ್ ಹೋಗೋದು ನೋಡಿದ್ರ ಬಹುಶಃ ಇಂಥ ಫಾರ್ಮ್ಯಾಟಿನಾಗೇ ನೋಡಿರ್ಬೇಕು, ಅನ್‌ಇನ್‌ಸ್ಟಾಲ್ ಮಾಡಿದ್ರಾಗಲ್ಲ. ಟ್ಯಾಲಿ ಲೈಸೆನ್ಸ್ ಈಗಾಗ್ಲೇ ಆ್ಯಕ್ಟಿವೇಟ್ ಮಾಡಿದ್ರಂತೂ ಅದನ್ನ ಸರೆಂಡರ್ ಮಾಡ್ದೆ ಫಾರ್ಮ್ಯಾಟ್ ಹೊಡ್ಯೋದು ಇನ್ನೊಂದು ತಲಿನೋವು.

ಹಂಗಾದ್ರ ಏನು ತೆಗೀಬೇಕು, ಏನು ಬಿಡಬೇಕು? ಹೊಸ ಲ್ಯಾಪ್‌ಟಾಪಿನಾಗ ನಾವು ಡ್ರೈವರ್ ಅಂತ ಒಂದೇ ಹೆಸರಿನಿಂದ ಕರಿಯೋದ್ರಾಗ ಖರೇ ಮೂರು ಪದರ ಅದಾವ. ಕೆಳಗಿಂದು ಖುದ್ದ ಡ್ರೈವರ್, ಅದು ವಿಂಡೋಸಿನ ಡ್ರೈವರ್ ಸ್ಟೋರಿನಾಗ ಇರ್ತೈತಿ, ಡಿವೈಸ್ ಮ್ಯಾನೇಜರಿನಾಗ ಕಾಣ್ತೈತಿ, ಸೆಟ್ಟಿಂಗ್ಸಿನ ಆ್ಯಪ್ ಪಟ್ಟಿಯಾಗ ಬರೋದು ಕಮ್ಮಿ. ಅದರ ಮ್ಯಾಲೆ ಕಂಪನಿಯ ಸರ್ವಿಸ್, ಅಂದ್ರ ಎಫ್ಎನ್ ಕೀ ಒತ್ತಿದಾಗ ಮೈಕ್ ಮ್ಯೂಟ್ ಆಗಿದ್ದು ತೋರ್ಸೋದು, ಚಾರ್ಜಿಂಗ್ ಮಿತಿ ಇಡೋದು ಇಂಥ ಸಣ್ಣ ಕೆಲ್ಸದ್ದು. ಎಲ್ಲಕ್ಕಿಂತ ಮ್ಯಾಲೆ ಕಣ್ಣಿಗೆ ಕಾಣೋ ಆ್ಯಪ್, ರಿಯಲ್‌ಟೆಕ್ ಆಡಿಯೋ ಕನ್ಸೋಲ್, ಇಂಟೆಲ್ ಗ್ರಾಫಿಕ್ಸಿನ ಆ್ಯಪ್ ಇದ್ದಂಗ, ಇವು ಮೈಕ್ರೋಸಾಫ್ಟ್ ಸ್ಟೋರಿನಿಂದ ಬ್ಯಾರೆ ಬರ್ತಾವ. ಆ್ಯಪ್ ತೆಗೆದ್ರ ಡ್ರೈವರ್ ಹಂಗೇ ಇರ್ತೈತಿ, ಆದ್ರ ಸೌಂಡಿನ ಸೆಟ್ಟಿಂಗ್ ಬದ್ಲಿ ಮಾಡೋ ಜಾಗ ಇರಂಗಿಲ್ಲ, ಜನ ಅದನ್ನೇ ಡ್ರೈವರ್ ಹೋಯ್ತು ಅಂತ ತಿಳ್ಕೋತಾರ. ನಡುವಿನ ಸರ್ವಿಸ್ ತೆಗೆದ್ರ ಕೆಲವು ಎಫ್ಎನ್ ಕೀ ಸತ್ತಂಗ ಆಗ್ತಾವ.

ಟ್ರಯಲ್ ಮಾಲು ಈ ಮೂರರಾಗ ಎಲ್ಲೂ ಬರಂಗಿಲ್ಲ. ಮೆಕಾಫೀ, ವಿಪಿಎನ್ ಟ್ರಯಲ್, ಗೇಮ್ ಟ್ರಯಲ್, ಕ್ಲೌಡ್ ಸ್ಟೋರೇಜ್ ಆಫರ್, ಶಾಪಿಂಗ್ ಟ್ರಾವೆಲ್ ಸೈಟಿನ ಐಕಾನ್, ಇವೆಲ್ಲ ಹೊರಗಿಂದ ಬಂದು ಕುಂತಿದ್ದು, ಧೈರ್ಯದಿಂದ ತೆಗೀರಿ. ಹೆಸ್ರಿನ ಮುಂದ ಅಥವಾ ಪಬ್ಲಿಷರ್ ಜಾಗದಾಗ ಇಂಟೆಲ್, ಎಎಂಡಿ, ಎನ್‌ವಿಡಿಯಾ, ರಿಯಲ್‌ಟೆಕ್, ಮೀಡಿಯಾಟೆಕ್, ಸಿನಾಪ್ಟಿಕ್ಸ್, ಈಲಾನ್ ಅಂತ ಇದ್ರ ಕೈ ಹಚ್ಚಬ್ಯಾಡ್ರಿ. ಪಬ್ಲಿಷರ್ ಹೆಸರು ನೋಡೋಕ ಹಳೇ ಕಂಟ್ರೋಲ್ ಪ್ಯಾನೆಲ್ ಪಟ್ಟಿನೇ ಛಲೋ, ವಿಂಡೋಸ್ ಕೀ ಜತಿಗೆ ಆರ್ ಒತ್ತಿ `appwiz.cpl` ಅಂತ ಟೈಪ್ ಮಾಡ್ರಿ, ಪಬ್ಲಿಷರ್ ಯಾರು, ಯಾವ ದಿನ ಇನ್‌ಸ್ಟಾಲ್ ಆಗೈತಿ ಎರಡೂ ಸಾಲಾಗಿ ಕಾಣ್ತಾವ. ಸ್ಟೋರಿಂದ ಬಂದ ಆ್ಯಪ್ ಮಾತ್ರ ಅದ್ರಾಗ ಬರಂಗಿಲ್ಲ, ಅವು ಸೆಟ್ಟಿಂಗ್ಸಿನಾಗೇ ನೋಡ್ಬೇಕು.

ಎಚ್‌ಪಿ ಹೆಸ್ರಿಂದೇ ಇರೋವು ಕೆಲವು ಉಪಯೋಗಕ್ಕ ಬರ್ತಾವ ಕೆಲವು ಬರಂಗಿಲ್ಲ. HP System Event Utility ಅಂತ ಇದ್ರ ಇಟ್ಕೊಳ್ರಿ, ವಿಶೇಷ ಕೀಗಳ ಕೆಲ್ಸ ಅದರದು. HP Support Assistant ಬಯಾಸ್ ಮತ್ತು ಡ್ರೈವರ್ ಅಪ್‌ಡೇಟ್ ತರ್ತೈತಿ, ವಾರಂಟಿ ತಾರೀಖೂ ತೋರಿಸ್ತೈತಿ, ವಾರಂಟಿ ಮುಗಿಯೋ ತನಕ ಇರ್ಲಿ ಅನ್ನೋದು ನನ್ನ ಅಭಿಪ್ರಾಯ. HP Documentation, ಪ್ರಿಂಟರ್ ಇಲ್ಲದಿದ್ರ HP Smart, ಇವು ಹೋದ್ರ ಏನೂ ಕೆಡಂಗಿಲ್ಲ. ಒಂದ್ ಹೆಸರು ನೋಡಿ ಅನುಮಾನ ಬಂತು ಅಂದ್ರ ತೆಗೀಬ್ಯಾಡ್ರಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಆ್ಯಪ್ಸ್ ಒಳಗ ಅದನ್ನ ಡಿಸೇಬಲ್ ಅಷ್ಟೇ ಮಾಡಿ ವಾರದ ತನಕ ಮಾಮೂಲಿ ಕೆಲ್ಸ ಮಾಡ್ರಿ. ವಾಲ್ಯೂಮ್, ಬ್ರೈಟ್‌ನೆಸ್, ಮೈಕ್ ಕೀ, ಸ್ಲೀಪ್ ಆಗಿ ಏಳೋದು ಎಲ್ಲಾ ಸರಿ ಇದ್ರ ಆಮ್ಯಾಲೆ ತೆಗೀರಿ, ಏನರ ನಿಂತ್ರ ಅದೇ ಜಾಗದಾಗ ಮತ್ತ ಎನೇಬಲ್ ಮಾಡಿದ್ರ ಆಯ್ತು.

ಆಫೀಸ್ ಬಗ್ಗೆ ಹುಷಾರ್ ಇರ್ರಿ. ನಮ್ಮ ಕಡೆ ಮಾರೋ ಲ್ಯಾಪ್‌ಟಾಪಿನಾಗ ಎರಡು ಥರ ಬರ್ತಾವ, ಒಂದು ಬರೇ ಟ್ರಯಲ್ ಮೈಕ್ರೋಸಾಫ್ಟ್ 365, ಇನ್ನೊಂದು ಲೈಫ್‌ಟೈಮ್ ಹೋಮ್ ಆ್ಯಂಡ್ ಸ್ಟೂಡೆಂಟ್ ಅಥವಾ ಆಫೀಸ್ ಹೋಮ್, ಅದರ ರೊಕ್ಕ ನೀವು ಲ್ಯಾಪ್‌ಟಾಪ್ ರೇಟಿನಾಗೇ ಕೊಟ್ಟಿರ್ತೀರಿ. ಬಿಲ್ಲು, ಡಬ್ಬಿ ಮ್ಯಾಲಿನ ಸ್ಟಿಕರ್ ನೋಡ್ರಿ. ಲೈಫ್‌ಟೈಮ್ ಅಂತ ಇದ್ರ ಇವತ್ತೇ ವರ್ಡ್ ತೆರೆದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಂದ ಆ್ಯಕ್ಟಿವೇಟ್ ಮಾಡ್ರಿ, ಆ ಆಫರಿಗೆ ಗಡುವು ಇರ್ತೈತಿ. ಮಿಲ್ಲಿನ ಬ್ಯಾರೆ ಯಾರ್ದೋ ಮೇಲ್ ಐಡಿ ಹಾಕಬ್ಯಾಡ್ರಿ, ಲೈಸೆನ್ಸ್ ಆ ಐಡಿಗೇ ಅಂಟ್ಕೋತೈತಿ. ಪಟ್ಟಿಯೊಳಗ Microsoft 365 - en-us, ಅದರ ಕೆಳಗ fr-fr ಅಂತ ಭಾಷೆ ಭಾಷೆದು ನಾಲ್ಕೈದು ಕಂಡ್ರ ಗಾಬರಿ ಬ್ಯಾಡ, ಇಂಗ್ಲಿಷಿಂದು ಬಿಟ್ಟು ಉಳ್ಕಿದ್ದು ಒಂದೊಂದಾಗಿ ತೆಗೀಬಹುದು, ಆದ್ರ ಆ್ಯಕ್ಟಿವೇಟ್ ಆದ ಮ್ಯಾಲೇನೇ.

ಈಗ ಕೆಲ್ಸಕ್ಕ ಇಳಿಯೋಣ. ತೆಗೆಯೋಕ ಮೊದ್ಲು ಚಾರ್ಜರ್ ಹಚ್ಚಿರ್ರಿ, ಬ್ಯಾಟರಿನೂ ಅರ್ಧಕ್ಕಿಂತ ಹೆಚ್ಚು ಇರ್ಲಿ, ಕರೆಂಟ್ ಹೋದ್ರೂ ನಡುವ ನಿಲ್ಲಬಾರ್ದು. ಆಮ್ಯಾಲೆ ಡ್ರೈವರ್ ಬ್ಯಾಕಪ್. ಇದು ವಿಂಡೋಸಿನಾಗೇ ಬರ್ತೈತಿ, ಬ್ಯಾರೆ ಸಾಫ್ಟ್‌ವೇರ್ ಬ್ಯಾಡ. ಪೆನ್‌ಡ್ರೈವ್ ಚುಚ್ಚಿ ಅದರ ಅಕ್ಷರ ನೋಡ್ಕೊಳ್ರಿ, ಇಲ್ಲಿ ಇ ಅಂತ ಹಿಡಿದೀನಿ. ಸ್ಟಾರ್ಟ್ ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ತೆರೆದು ಹಿಂಗ ಕೊಡ್ರಿ:

```
mkdir E:\drivers
pnputil /export-driver * E:\drivers
```

ವಿಂಡೋಸ್ ಜತಿಗೆ ಬರದ, ಹೊರಗಿನ ಕಂಪನಿಗಳ ಎಲ್ಲಾ ಡ್ರೈವರ್ ಆ ಫೋಲ್ಡರಿಗೆ ಬಂದು ಬೀಳ್ತಾವ. ಮುಂದ ಯಾವತ್ತರ ವೈಫೈ ಅಥವಾ ಟಚ್‌ಪ್ಯಾಡ್ ಹೋಯ್ತು ಅಂದ್ರ ನೆಟ್ ಇಲ್ಲದಿದ್ರೂ ಅದೇ ಟರ್ಮಿನಲ್ ಅಡ್ಮಿನ್ ತೆರೆದು ಇದ್ರಿಂದ ವಾಪಸ್ ತರಬಹುದು:

```
pnputil /add-driver E:\drivers\*.inf /subdirs /install
```

ನೀವು ಮೆಕಾಫೀ ಒಂದೇ ತೆಗೆದ್ರ ಇದು ಬೇಕಾಗಂಗಿಲ್ಲ, ಆದ್ರೂ ಮಾಡಿಟ್ಕೊಳ್ರಿ, ಟೈಮೂ ಭಾಳ ಹಿಡಿಯಂಗಿಲ್ಲ. ಇನ್ನೊಂದು, ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ ಹೊಸ ವಿಂಡೋಸ್ 11 ಲ್ಯಾಪ್‌ಟಾಪಿನಾಗ ಡಿಸ್ಕ್ ಎನ್‌ಕ್ರಿಪ್ಷನ್ ತಾನೇ ಆನ್ ಆಗಿರೋದು ಸಾಮಾನ್ಯ. ಬಯಾಸ್ ಬದ್ಲಿ ಮಾಡಿದ್ರ, ಬೋರ್ಡು ಬದ್ಲಿ ಮಾಡಿದ್ರ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಇಲ್ಲದಿದ್ರ ಡೇಟಾ ಕೈಗೆ ಸಿಗಂಗಿಲ್ಲ. `aka.ms/myrecoverykey` ಗೆ ಹೋಗಿ ನಿಮ್ಮ ಕೀ ನೋಡಿ ಲೆಕ್ಕದ ವಹಿಯಾಗ ಬರ್ದಿಡ್ರಿ.

ಮೆಕಾಫೀ ತೆಗೆಯೋದು ಹಿಂಗ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ಒಳಗ ಹೋಗಿ ಹುಡುಕೋ ಜಾಗದಾಗ McAfee ಅಂತ ಹಾಕ್ರಿ. ಒಂದಕ್ಕಿಂತ ಹೆಚ್ಚು ಬರಬಹುದು, ಮುಖ್ಯ ಆ್ಯಂಟಿವೈರಸ್ ಒಂದು, ಬ್ರೌಸರಿಂದು WebAdvisor ಇನ್ನೊಂದು. ಮೊದ್ಲು ಮುಖ್ಯದ್ದು ತೆಗೀರಿ. ತೆಗೆಯೋವಾಗ ಆಫರ್ ಕೊಡ್ತೀವಿ, ರಕ್ಷಣೆ ಇರಂಗಿಲ್ಲ ಅಂತೆಲ್ಲ ಕೇಳ್ಬಹುದು, ಫೈಲ್ ಅಳಿಸೋದಕ್ಕ ಟಿಕ್ ಕೇಳಿದ್ರ ಹಾಕ್ರಿ, ಕೊನೀಗೆ ರೀಸ್ಟಾರ್ಟ್ ಕೇಳ್ತೈತಿ. ರೀಸ್ಟಾರ್ಟ್ ಕಡ್ಡಾಯ, ಆಮ್ಯಾಲೆ ನೋಡೋಣ ಅಂತ ಬಿಡಬ್ಯಾಡ್ರಿ, ಯಾಕಂದ್ರ ಆ್ಯಂಟಿವೈರಸ್ ಅನ್ನೋದು ಬರೇ ಆ್ಯಪ್ ಅಲ್ಲ, ಫೈಲು ಮತ್ತ ನೆಟ್‌ವರ್ಕ್ ಹಾದಿಯೊಳಗ ತನ್ನದೇ ಫಿಲ್ಟರ್ ಡ್ರೈವರ್ ಕುಂದ್ರಿಸಿರ್ತೈತಿ, ಓಡ್ತಿರೋ ಫಿಲ್ಟರನ್ನ ಪೂರ್ತಿ ಕಿತ್ತು ಹಾಕೋಕ ರೀಸ್ಟಾರ್ಟ್ ಬೇಕು. ಅದಾದ ಮ್ಯಾಲೆ WebAdvisor ತೆಗೀರಿ. ಟ್ರಯಲ್ ಹೊತ್ತಿನಾಗ ಎಲ್ಲರ ಕಾರ್ಡ್ ನಂಬರ್ ಕೊಟ್ಟಿದ್ರ, ಸಾಫ್ಟ್‌ವೇರ್ ತೆಗೆದ್ರ ಆಟೋ ರಿನ್ಯೂವಲ್ ನಿಲ್ಲಂಗಿಲ್ಲ, ಮೆಕಾಫೀ ಅಕೌಂಟಿಗೆ ಲಾಗಿನ್ ಆಗಿ ಅದನ್ನ ಬ್ಯಾರೆ ಆಫ್ ಮಾಡ್ಬೇಕು.

ಈಗ ಭಾಳ ಜನ ಬಿಟ್ಟುಬಿಡೋ ಹೆಜ್ಜೆ. ಮೆಕಾಫೀ ಹೋದ ಮ್ಯಾಲೆ ವಿಂಡೋಸಿನ ಡಿಫೆಂಡರ್ ತಾನೇ ಎದ್ದು ಕೂರ್ಬೇಕು, ಎದ್ದೈತೋ ಇಲ್ಲೋ ನೋಡ್ರಿ. ವಿಂಡೋಸ್ ಸೆಕ್ಯುರಿಟಿ ತೆರೆದ್ರ ಹಸಿರು ಟಿಕ್ ಇರಬೇಕು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗ ಅಪ್‌ಡೇಟ್ ಚೆಕ್ ಒಮ್ಮೆ ಒತ್ರಿ. ಖಾತ್ರಿ ಬೇಕಂದ್ರ ಟರ್ಮಿನಲ್ಲಿನಾಗ:

```
Get-MpComputerStatus | Select AMRunningMode, RealTimeProtectionEnabled
```

ಮೊದಲನೇದು Normal, ಎರಡನೇದು True ಬಂದ್ರ ನಿಮ್ಮ ಲ್ಯಾಪ್‌ಟಾಪಿಗೆ ಕಾವಲು ಐತಿ, ಬ್ಯಾರೆ ಆ್ಯಂಟಿವೈರಸ್ ಕೊಳ್ಳೋದೂ ಬ್ಯಾಡ.

ಇದು ಕೆಟ್ಟಾಗ ಹೆಂಗ ಕಾಣ್ತೈತಿ ಅನ್ನೋದಕ್ಕ ಒಂದ್ ಕೇಸ್ ಹೇಳ್ತೀನಿ. ಕೊಪ್ಪಳ ಕಡೆ ಒಂದು ಬೀಜ ಗೊಬ್ಬರದ ಅಂಗಡಿಯವ್ರು ಲ್ಯಾಪ್‌ಟಾಪ್ ತಂದಿದ್ರು, ನೆಟ್ ಕನೆಕ್ಟ್ ಅಂತ ತೋರಿಸ್ತೈತಿ ಆದ್ರ ಒಂದ್ ಪೇಜೂ ತೆರೆಯಂಗಿಲ್ಲ, ವೈಫೈ ಡ್ರೈವರ್ ಹೋಗೈತಿ ಹಾಕ್ಕೊಡ್ರಿ ಅಂದ್ರು. ಡಿವೈಸ್ ಮ್ಯಾನೇಜರಿನಾಗ ವೈಫೈ ಮುಂದ ಹಳದಿ ಗುರ್ತು ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಹಿಡಿತೈತಿ, ಅಂದ್ರ ಡ್ರೈವರ್ ಸರಿ ಐತಿ. ವಿಂಡೋಸ್ ಸೆಕ್ಯುರಿಟಿ ತೆರೆದು ಮ್ಯಾನೇಜ್ ಪ್ರೊವೈಡರ್ಸ್ ನೋಡಿದ್ರ ಹಳೇ ಟ್ರಯಲ್ ಆ್ಯಂಟಿವೈರಸ್ ಹೆಸರು ಹಂಗೇ ಕುಂತಿತ್ತು, ಡಿಫೆಂಡರ್ ಆಫ್. ಆದ್ರ ಇನ್‌ಸ್ಟಾಲ್ಡ್ ಪಟ್ಟಿಯಿಂದ ಅದನ್ನ ತೆಗೆಯೋಕ ಹೋದ್ರ ಅನ್‌ಇನ್‌ಸ್ಟಾಲರ್ ಫೈಲ್ ಸಿಗವಲ್ದು ಅಂತ ಎರರ್. ಕೇಳಿದಾಗ ಗೊತ್ತಾಯ್ತು, ಅವ್ರ ಹುಡುಗ ಸೇಫ್ ಮೋಡಿಗೆ ಹೋಗಿ ಪ್ರೋಗ್ರಾಂ ಫೈಲ್ಸ್ ಒಳಗಿನ ಫೋಲ್ಡರನ್ನೇ ಡಿಲೀಟ್ ಮಾಡಿದ್ದ. ಫೋಲ್ಡರ್ ಹೋಯ್ತು, ಆದ್ರ ನೆಟ್‌ವರ್ಕ್ ಹಾದಿಯೊಳಗಿನ ಫಿಲ್ಟರ್ ಉಳೀತು, ಅದನ್ನ ನಡೆಸೋ ಸರ್ವಿಸ್ ಇಲ್ಲ, ಹಂಗಾಗಿ ನೆಟ್ ಮುಂದಕ್ಕ ಹೋಗವಲ್ದು. ಆ ಕಂಪನಿಯದೇ ರಿಮೂವಲ್ ಟೂಲನ್ನ ಬ್ಯಾರೆ ಕಂಪ್ಯೂಟರಿನಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಂದ ಓಡಿಸಿ ರೀಸ್ಟಾರ್ಟ್ ಮಾಡಿದ್ವಿ, ನೆಟ್ ಬಂತು, ಡಿಫೆಂಡರೂ ಎದ್ತು. ಡ್ರೈವರ್ ಒಂದೂ ಹಾಕ್ಲಿಲ್ಲ.

ನಿಮ್ಮ ಮೆಕಾಫೀನೂ ಮಾಮೂಲಿ ದಾರಿಯಾಗ ನಡುವ ನಿಂತ್ರ ಇದೇ ಉಪಾಯ, ಮೆಕಾಫೀದು `MCPR.exe` ಅಂತ ಟೂಲ್ ಐತಿ, ಅವರದೇ ಸೈಟಿಂದ ತಗೊಂಡು ಓಡಿಸ್ರಿ, ಸ್ಕ್ರೀನಿನ ಮ್ಯಾಲೆ ಕಾಣೋ ಅಕ್ಷರ ಟೈಪ್ ಮಾಡ್ರಿ ಅಂತೈತಿ, ಮುಗಿದ ಮ್ಯಾಲೆ ಮತ್ತ ರೀಸ್ಟಾರ್ಟ್. ಬ್ಯಾರೆ ಯಾವುದೋ ಡೌನ್‌ಲೋಡ್ ಸೈಟಿಂದ ಅದೇ ಹೆಸ್ರಿನ ಫೈಲ್ ತಗೋಬ್ಯಾಡ್ರಿ.

ವಿಡಿಯೋ ನೋಡಿ ಪವರ್‌ಶೆಲ್ಲಿನಾಗ ಒಂದೇ ಸಾಲಿನ ಡಿಬ್ಲೋಟ್ ಸ್ಕ್ರಿಪ್ಟ್ ಅಂಟಿಸೋ ಜನ ಈಗ ಭಾಳ ಆಗ್ಯಾರ, ಅದನ್ನ ದಯವಿಟ್ಟು ಮಾಡಬ್ಯಾಡ್ರಿ. ಅಂಥ ಸ್ಕ್ರಿಪ್ಟಿಗೆ ನಿಮ್ಮ ಲ್ಯಾಪ್‌ಟಾಪ್ ಯಾವ ಮಾಡೆಲ್ ಅಂತ ಗೊತ್ತಿರಂಗಿಲ್ಲ, ಸ್ಟೋರ್ ಆ್ಯಪ್ ಎಲ್ಲಾ ಒಟ್ಟಿಗೆ ಕಿತ್ತು ಹಾಕಿದಾಗ ಗೇಮಿನ ಜತಿಗೆ ಆಡಿಯೋ ಕನ್ಸೋಲ್, ಗ್ರಾಫಿಕ್ಸ್ ಆ್ಯಪ್, ಒಮ್ಮೊಮ್ಮೆ ಮೈಕ್ರೋಸಾಫ್ಟ್ ಸ್ಟೋರೇ ಹೋಗ್ತೈತಿ, ಸ್ಟೋರ್ ಹೋದ್ರ ಉಳಿದವನ್ನ ವಾಪಸ್ ತರೋ ಬಾಗಲೇ ಮುಚ್ಚಿದಂಗ. ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ ಕ್ಲೀನರ್ ಅಂತ ಬರೋವೂ ಬ್ಯಾಡ. ಡಿಸ್ಕ್ ಮ್ಯಾನೇಜ್‌ಮೆಂಟಿನಾಗ ರಿಕವರಿ ಅಂತ ಇರೋ ಸಣ್ಣ ಪಾರ್ಟಿಷನ್ ಜಾಗ ತಿಂತೈತಿ ಅಂತ ಅಳಿಸಬ್ಯಾಡ್ರಿ, ಅದ್ರಿಂದ ಸಿಗೋ ಜಾಗ ಅಷ್ಟೇನಿಲ್ಲ, ಕೆಟ್ಟ ದಿನ ರೀಸೆಟ್ ಮಾಡೋಕ ಬೇಕಾಗ್ತೈತಿ.

8 ಜಿಬಿ ರ್‍ಯಾಮಿನಾಗ ಎಷ್ಟು ಫರಕ್ ಬಂತು ಅಂತ ನೋಡಬೇಕಂದ್ರ, ತೆಗೆಯೋಕ ಮೊದ್ಲು ಒಮ್ಮೆ, ಎಲ್ಲಾ ಮುಗಿದು ರೀಸ್ಟಾರ್ಟ್ ಆಗಿ ಹತ್ತು ನಿಮಿಷ ಸುಮ್ನ ಬಿಟ್ಟ ಮ್ಯಾಲೆ ಒಮ್ಮೆ, ಟಾಸ್ಕ್ ಮ್ಯಾನೇಜರಿನಾಗ ಮೆಮೊರಿ ನೋಡ್ರಿ. ಕೂಡ್ಲೇ ನೋಡಿದ್ರ ವಿಂಡೋಸ್ ಇನ್ನೂ ತನ್ನ ಕೆಲ್ಸದಾಗ ಇರ್ತೈತಿ, ಲೆಕ್ಕ ತಪ್ಪು ಬರ್ತೈತಿ. ಫ್ಯಾನಿನ ಸಪ್ಪಳ ಮಾತ್ರ ಇದ್ರಿಂದ ಪೂರ್ತಿ ನಿಲ್ಲಂಗಿಲ್ಲ, ನಮ್ಮ ಕಡೆ ಬ್ಯಾಸಗಿಯಾಗ, ಅದೂ ಮಿಲ್ಲಿನ ಹೊಟ್ಟಿನ ಧೂಳಿನಾಗ, ಫ್ಯಾನ್ ಓಡೋದೇ ಸರಿ. ಧೂಳು ಹೊಕ್ಕೈತಿ ಅನ್ನಿಸಿದ್ರ ವಾರಂಟಿ ಇರೋ ತನಕ ಸರ್ವಿಸ್ ಸೆಂಟರಿನಾಗೇ ಬಿಚ್ಚಿಸ್ರಿ.

ಕೊನೀದು ನಿಮ್ಮ ಟ್ಯಾಲಿ. ಮಿಲ್ಲಿನ ಇನ್ನೊಂದು ಕಂಪ್ಯೂಟರ್ ಈ ಲ್ಯಾಪ್‌ಟಾಪಿನ ಟ್ಯಾಲಿಗೆ ಕನೆಕ್ಟ್ ಆಗ್ತಿದ್ರ, ಮೆಕಾಫೀ ಫೈರ್‌ವಾಲ್ ಹೋಗಿ ವಿಂಡೋಸ್ ಫೈರ್‌ವಾಲ್ ಬಂದ ಮ್ಯಾಲೆ ಮೊದಲ ಸಲ ಟ್ಯಾಲಿ ತೆರೆದಾಗ ಪರ್ಮಿಷನ್ ಕೇಳಬಹುದು. ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ ಟಿಕ್ ಹಾಕಿ ಅಲೋ ಒತ್ರಿ, ಪಬ್ಲಿಕ್ ಬ್ಯಾಡ. ಗಡಿಬಿಡಿಯಾಗ ಕ್ಯಾನ್ಸಲ್ ಒತ್ತಿಬಿಟ್ರ ಆ ಕಂಪ್ಯೂಟರಿಂದ ಈ ಟ್ಯಾಲಿಗೆ ಕನೆಕ್ಟ್ ಆಗೋದು ನಿಲ್ಲಬಹುದು, ಆಗ ವಿಂಡೋಸ್ ಸೆಕ್ಯುರಿಟಿಯ ಫೈರ್‌ವಾಲ್ ಒಳಗ ಅಲೋ ಆ್ಯನ್ ಆ್ಯಪ್ ಅಂತ ಐತಿ, ಅಲ್ಲಿ ಟ್ಯಾಲಿ ಹುಡುಕಿ ಪ್ರೈವೇಟಿಗೆ ಟಿಕ್ ಹಾಕ್ರಿ. ಮಿಲ್ಲಿನ ವೈಫೈ ಪಬ್ಲಿಕ್ ಅಂತ ಸೆಟ್ ಆಗಿದ್ರ ಆ ಟಿಕ್ ಹಾಕಿದ್ರೂ ಕೆಲ್ಸ ಆಗಂಗಿಲ್ಲ, ಸೆಟ್ಟಿಂಗ್ಸಿನಾಗ ಆ ವೈಫೈ ತೆರೆದು ಮೊದ್ಲು ಅದನ್ನ ಪ್ರೈವೇಟ್ ಮಾಡ್ರಿ.